ಸೆಕಿ ಆದ ಮೇಲೆ ಎಣಿಕೆ: ಅದೇ ಹಲಗೆಯಲ್ಲಿ ಅರ್ಧ ಅಂಕದ ಸೋಲೋ, ಒಂದೂವರೆ ಅಂಕದ ಗೆಲುವೋ?

ಬಿಳಿಕಲ್ಲು

ಕಳೆದ ಭಾನುವಾರ ನಾನು ಮತ್ತು ನನ್ನ ಗೆಳೆಯ 19 ಗೆರೆಯ ಹಲಗೆಯಲ್ಲಿ ಆಡಿದ ಒಂದು ಗೋ ಆಟದ ಫಲಿತಾಂಶ ಇನ್ನೂ ತೀರ್ಮಾನವಾಗದೆ ಉಳಿದಿದೆ. ನಾನು ಬಿಳಿ, ಅವನು ಕಪ್ಪು. ಎರಡನೆಯವನಾಗಿ ಆಡುವ ಬಿಳಿಗೆ ಸಿಗುವ ಪರಿಹಾರದ ಅಂಕ, ಅಂದರೆ ಕೋಮಿ, 6.5 ಎಂದು ಮೊದಲೇ ಮಾತಾಗಿತ್ತು, ಆದರೆ ಯಾವ ದೇಶದ ನಿಯಮ ಎಂದು ಇಬ್ಬರೂ ಹೇಳಿರಲಿಲ್ಲ. ನಾನು ಕಲಿತದ್ದು ಜಪಾನಿನ ಎಣಿಕೆ. ಅವನು ಮೂರು ವರ್ಷ ಚೀನಾದಲ್ಲಿ ಕೆಲಸ ಮಾಡಿ ಅಲ್ಲಿಯೇ ಆಟ ಕಲಿತು ಬಂದವನು.

ಹಲಗೆಯ ಕೆಳಗಿನ ಅಂಚಿನಲ್ಲಿ ಒಂದು ಸೆಕಿ, ಅಂದರೆ ಯಾರೂ ಯಾರನ್ನೂ ಹಿಡಿಯಲು ಮುಂದಾಗಲಾರದ ಸ್ಥಿತಿ, ಆಯಿತು. X ಕಪ್ಪು, O ಬಿಳಿ. ಅತ್ಯಂತ ಕೆಳಗಿನ ಸಾಲೇ ಹಲಗೆಯ ಅಂಚು.

```
. . X X X X X X X X X . .
. X O O O O O O O O O X .
X O O X X X O X X X O O X
X O a X . X O X . X b O X
```

ಹೊರಗಿನ ಕಪ್ಪು ಕಲ್ಲುಗಳು ಜೀವಂತವಾಗಿವೆ. ಒಳಗೆ ನನ್ನ 17 ಕಲ್ಲುಗಳ ಒಂದೇ ಗುಂಪು, ಅದರ ಹೊಟ್ಟೆಯಲ್ಲಿ ತಲಾ ಐದು ಕಲ್ಲುಗಳ ಎರಡು ಕಪ್ಪು ಗುಂಪುಗಳು. ಎರಡು ಕಪ್ಪು ಗುಂಪುಗಳಿಗೂ ಒಂದೊಂದು ಕಣ್ಣು, ಅಂದರೆ ತನ್ನ ಕಲ್ಲುಗಳೇ ಸುತ್ತುವರಿದ ಖಾಲಿ ಬಿಂದು, ಇದೆ, ನನಗೆ ಒಂದೂ ಇಲ್ಲ.

ಸೆಕಿಯನ್ನು ಬಿಟ್ಟು ಉಳಿದದ್ದನ್ನು ಎಣಿಸಿದಾಗ ಕಪ್ಪಿಗೆ 61 ಬಿಂದು ಜಾಗ ಮತ್ತು 6 ಸೆರೆ ಕಲ್ಲು, ಅಂದರೆ 67. ನನಗೆ 57 ಬಿಂದು ಮತ್ತು 4 ಸೆರೆ ಕಲ್ಲು, ಅಂದರೆ 61. ಕೋಮಿ ಸೇರಿಸಿದರೆ ನನ್ನದು 67.5 ಆಗುತ್ತದೆ, ಅರ್ಧ ಅಂಕದಿಂದ ನಾನು ಗೆದ್ದೆ ಎಂದು ಕೈ ಚಾಚಿದೆ. ಅವನು ಕೈ ಕುಲುಕಲಿಲ್ಲ. ಸೆಕಿಯೊಳಗಿನ ಎರಡು ಕಣ್ಣುಗಳು ತನ್ನವು, ಅವನ್ನೇಕೆ ಎಣಿಸಲಿಲ್ಲ ಎಂದು ಕೇಳಿದ. ಯಾರ ಮಾತು ಸರಿ?

ಚದುರಂಗಪ್ರಿಯ

ನಾನು ಗೋ ಆಡಿದ್ದು ಕಡಿಮೆ. ಯಾರೂ ಯಾರನ್ನೂ ಹೊಡೆಯಲಾಗದ ಸ್ಥಿತಿ ಎಂದರೆ ಚೆಸ್‌ನ ಸ್ಟೇಲ್‌ಮೇಟ್ ಇದ್ದ ಹಾಗೆ ಅಲ್ಲವೇ? ಹಾಗಿದ್ದರೆ ಆಟವೇ ಡ್ರಾ ಆಗಬೇಕಲ್ಲ, ಅರ್ಧ ಅಂಕದ ಜಗಳ ಎಲ್ಲಿಂದ ಬಂತು?

ಗಡಿರೇಖೆ

ಚದುರಂಗಪ್ರಿಯ ಅವರೇ, ಆಟ ಡ್ರಾ ಆಗುವುದಿಲ್ಲ. ಸೆಕಿ ಎಂಬುದು ಹಲಗೆಯ ಒಂದು ಮೂಲೆಯ ಕಥೆ ಮಾತ್ರ, ಉಳಿದ ಕಡೆ ಆಟ ಮುಂದುವರಿಯುತ್ತದೆ. ಸ್ಟೇಲ್‌ಮೇಟ್‌ನಲ್ಲಿ ನಡೆಯಲು ಜಾಗವಿಲ್ಲ. ಇಲ್ಲಿ ನಡೆಯಬಹುದು, ಆದರೆ ಮೊದಲು ನಡೆದವನು ಕೆಡುತ್ತಾನೆ, ಹಾಗಾಗಿ ಇಬ್ಬರೂ ಸುಮ್ಮನಿರುತ್ತಾರೆ.

ಬಿಳಿಕಲ್ಲು ಅವರ ಪ್ರಶ್ನೆಗೆ ಉತ್ತರ ಸರಳ. ಸೆಕಿಯಲ್ಲಿ ಯಾರಿಗೂ ಏನೂ ಸಿಗುವುದಿಲ್ಲ. ಆಟ ಮುಗಿದ ಮೇಲೆ ಆ ಭಾಗದ ಕಲ್ಲುಗಳನ್ನು ಎರಡೂ ಕಡೆಯಿಂದ ತೆಗೆದು ಪಕ್ಕಕ್ಕಿಟ್ಟು, ಉಳಿದದ್ದನ್ನು ಎಣಿಸಬೇಕು. ನೀವು ಗೆದ್ದಿದ್ದೀರಿ.

ಮೂವತ್ತು ವರ್ಷದ ಹಲಗೆ

ಗಡಿರೇಖೆ ಅವರ ಮಾತಿನಲ್ಲಿ ಅರ್ಧ ನಿಜವಿದೆ, ಇನ್ನರ್ಧ ಅಪಾಯಕಾರಿ. ಜಪಾನಿನ ನಿಯಮದಲ್ಲಿ ಸೆಕಿಯೊಳಗಿನ ಖಾಲಿ ಬಿಂದುಗಳಿಗೆ ಅಂಕವಿಲ್ಲ ಎಂಬುದು ನಿಜ. ಆದರೆ ಕಲ್ಲುಗಳನ್ನು ತೆಗೆಯುವುದಿಲ್ಲ. ಸೆಕಿಯ ಕಲ್ಲುಗಳು ಎರಡೂ ಕಡೆ ಜೀವಂತ, ಅವು ಹಲಗೆಯ ಮೇಲೆಯೇ ಉಳಿಯಬೇಕು. ನೀವು ಹೇಳಿದಂತೆ ತೆಗೆದರೆ ಅವುಗಳ ಜಾಗ ಖಾಲಿಯಾಗಿ, ಸುತ್ತಲಿನ ಕಪ್ಪು ಗೋಡೆಯ ಒಳಗೆ 31 ಬಿಂದುಗಳ ಬಯಲೊಂದು ಹುಟ್ಟುತ್ತದೆ. ಆಗ ಅದು ಯಾರ ಜಾಗ ಎಂಬ ಹೊಸ ಜಗಳ ಶುರುವಾಗುತ್ತದೆ.

ಎಣಿಕೆಗೆ ಮೊದಲು ಇದು ನಿಜಕ್ಕೂ ಸೆಕಿಯೇ ಎಂದು ನೋಡಿಕೊಳ್ಳೋಣ, ಏಕೆಂದರೆ ಕಣ್ಣಿರುವವನಿಗೂ ಕಣ್ಣಿಲ್ಲದವನಿಗೂ ನಡುವಿನ ಜಟಾಪಟಿಯಲ್ಲಿ ಸಾಮಾನ್ಯವಾಗಿ ಕಣ್ಣಿರುವವನೇ ಗೆಲ್ಲುತ್ತಾನೆ. ಇಲ್ಲಿ ಹಾಗಾಗದಿರಲು ಕಾರಣ, ಬಿಳಿಯ ಎರಡು ಉಸಿರುಗಳು, ಅಂದರೆ ಅದಕ್ಕೆ ತಾಗಿರುವ ಖಾಲಿ ಬಿಂದುಗಳು, ಎರಡು ಬೇರೆ ಬೇರೆ ಕಪ್ಪು ಗುಂಪುಗಳ ಜೊತೆ ಹಂಚಿಹೋಗಿವೆ. ಬಿಳಿಗೆ a ಮತ್ತು b ಬಿಟ್ಟರೆ ಉಸಿರಿಲ್ಲ. ಎಡಗಡೆಯ ಕಪ್ಪು ಗುಂಪಿಗೆ ತನ್ನ ಕಣ್ಣು ಮತ್ತು a, ಬಲಗಡೆಯದಕ್ಕೆ ತನ್ನ ಕಣ್ಣು ಮತ್ತು b.

ಬಿಳಿ a ಮೇಲೆ ಇಟ್ಟಿತು ಎನ್ನಿ. ಎಡಗಡೆಯ ಕಪ್ಪು ಒಂದೇ ಉಸಿರು ಉಳಿದು ಅಟಾರಿಗೆ ಬಿತ್ತು, ನಿಜ. ಆದರೆ ಬಿಳಿಗೂ b ಒಂದೇ ಉಸಿರು ಉಳಿಯಿತು. ಈಗ ಸರದಿ ಕಪ್ಪಿನದು. ಅದು b ಮೇಲೆ ಇಟ್ಟರೆ ಬಿಳಿಯ 17 ಕಲ್ಲುಗಳೂ ಈಗ ತಾನೇ ಇಟ್ಟ ಒಂದೂ ಸೇರಿ 18 ಕಲ್ಲುಗಳು ಒಟ್ಟಿಗೆ ಎದ್ದು ಹೋಗುತ್ತವೆ. ಬಿಳಿ ನೇರವಾಗಿ ಕಪ್ಪಿನ ಕಣ್ಣಿನೊಳಗೆ ಇಡಲಾರದು, ಏಕೆಂದರೆ a ಖಾಲಿ ಇರುವವರೆಗೂ ಅದು ಆತ್ಮಹತ್ಯೆಯ ನಡೆ.

ಈಗ ಕಪ್ಪು a ಮೇಲೆ ಇಟ್ಟಿತು ಎನ್ನಿ. ಬಿಳಿ ಅಟಾರಿಗೆ ಬಿತ್ತು, ಆದರೆ ಎಡಗಡೆಯ ಕಪ್ಪಿಗೆ ತನ್ನ ಕಣ್ಣು ಮಾತ್ರ ಉಳಿಯಿತು. ಬಿಳಿ ಆ ಕಣ್ಣಿನೊಳಗೇ ಇಟ್ಟು ಆರು ಕಲ್ಲುಗಳನ್ನು ಎತ್ತಿಕೊಂಡು, ಆ ವಿಶಾಲ ಜಾಗದಲ್ಲಿ ಎರಡು ಕಣ್ಣು ಮಾಡಿಕೊಂಡು ಬದುಕುತ್ತದೆ. b ಕಡೆಯಿಂದ ಶುರುಮಾಡಿದರೂ ಕಥೆ ಇದೇ. ಆದ್ದರಿಂದ ಇದು ಸೆಕಿಯೇ, ಅದೂ ಒಂದು ಕಡೆಗೆ ಮಾತ್ರ ಕಣ್ಣಿರುವ ಸೆಕಿ. ಇಂಥ ಸೆಕಿಯಲ್ಲಿಯೇ ಜಪಾನ್ ಮತ್ತು ಚೀನಾದ ಎಣಿಕೆ ಎದ್ದು ಕಾಣುವಂತೆ ಬೇರೆಯಾಗುತ್ತದೆ.

ಬಿಳಿಕಲ್ಲು ಅವರೇ, ಒಟ್ಟು ಎಷ್ಟು ನಡೆಗಳಾದವು ಮತ್ತು ಕೊನೆಯ ಕಲ್ಲು ಯಾರು ಇಟ್ಟರು ಎಂದು ಹೇಳಬಲ್ಲಿರಾ? ಯಾರ ಜಾಗವೂ ಅಲ್ಲದ ಖಾಲಿ ಬಿಂದುಗಳಾದ ದಾಮೆಗಳನ್ನೆಲ್ಲ ತುಂಬಿದ್ದೀರಾ?

ಬಿಳಿಕಲ್ಲು

ನಾವು ಆಟವನ್ನು ಕಾಗದದ ಮೇಲೆ ಬರೆದುಕೊಳ್ಳುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಒಟ್ಟು 249 ನಡೆಗಳು. ಕೊನೆಯ ದಾಮೆಯನ್ನು ಕಪ್ಪು ತುಂಬಿತು, ಆ ಬಳಿಕ ಇಬ್ಬರೂ ಪಾಸ್ ಹೇಳಿದೆವು. a ಮತ್ತು b ಬಿಟ್ಟರೆ ಬೇರೆ ದಾಮೆ ಉಳಿದಿಲ್ಲ. ಆದರೆ ದಾಮೆಗೆ ಅಂಕವೇ ಇಲ್ಲವಲ್ಲ, ಅದನ್ನು ಏಕೆ ಕೇಳಿದಿರಿ?

ಮೂವತ್ತು ವರ್ಷದ ಹಲಗೆ

ಜಪಾನಿನ ಎಣಿಕೆಯಲ್ಲಿ ದಾಮೆಗೆ ಅಂಕವಿಲ್ಲ, ಚೀನಾದ ಎಣಿಕೆಯಲ್ಲಿ ಇದೆ. ಅಲ್ಲಿ ಹಲಗೆಯ ಮೇಲೆ ಉಳಿದ ಪ್ರತಿ ಜೀವಂತ ಕಲ್ಲಿಗೂ ಒಂದು, ಅದು ಸುತ್ತುವರಿದ ಪ್ರತಿ ಖಾಲಿ ಬಿಂದುವಿಗೂ ಒಂದು. ಸೆರೆ ಕಲ್ಲುಗಳನ್ನು ಡಬ್ಬಿಗೆ ಹಾಕಿ ಮರೆತುಬಿಡಬಹುದು.

ನಿಮ್ಮ ಆಟವನ್ನೇ ಹಾಗೆ ಎಣಿಸೋಣ. 249 ನಡೆಗಳಲ್ಲಿ ಕಪ್ಪಿನದು 125, ಬಿಳಿಯದು 124. ಕಪ್ಪು 4 ಕಲ್ಲು ಕಳೆದುಕೊಂಡಿದೆ, ಹಾಗಾಗಿ ಹಲಗೆಯ ಮೇಲೆ 121. ಬಿಳಿ 6 ಕಳೆದುಕೊಂಡಿದೆ, ಹಾಗಾಗಿ 118. ಕಪ್ಪಿಗೆ 121 ಕಲ್ಲು, 61 ಬಿಂದು ಜಾಗ, ಸೆಕಿಯೊಳಗಿನ 2 ಕಣ್ಣು, ಒಟ್ಟು 184. ಬಿಳಿಗೆ 118 ಕಲ್ಲು, 57 ಬಿಂದು, ಒಟ್ಟು 175. ಎರಡನ್ನೂ ಕೂಡಿದರೆ 359. ಹಲಗೆಯಲ್ಲಿ 361 ಬಿಂದುಗಳಿವೆ. ಉಳಿದ ಎರಡು a ಮತ್ತು b. ಅವು ಇಬ್ಬರ ಕಲ್ಲುಗಳಿಗೂ ತಾಗಿರುವುದರಿಂದ ಚೀನಾದವರು ಸಮನಾಗಿ ಹಂಚುತ್ತಾರೆ, ಒಬ್ಬೊಬ್ಬರಿಗೆ ಒಂದು. ಕಪ್ಪು 185, ಬಿಳಿ 176.

ಚೀನಾದ ಕೋಮಿ 7.5. ಅಲ್ಲಿ ಒಂದು ಬಣ್ಣವನ್ನು ಮಾತ್ರ ಎಣಿಸಿ ಹಲಗೆಯ ಅರ್ಧವಾದ 180.5ಕ್ಕೆ ಹೋಲಿಸುವುದು ರೂಢಿ, ಆದ್ದರಿಂದ ಕೋಮಿಯ ಅರ್ಧ, ಅಂದರೆ 3.75 ಕಲ್ಲು, ಕಪ್ಪಿನ ಗುರಿಗೆ ಸೇರುತ್ತದೆ. ಕಪ್ಪು 184.25 ದಾಟಬೇಕು. ನಿಮ್ಮ ಗೆಳೆಯ 185 ಮುಟ್ಟಿದ್ದಾನೆ. ಮುಕ್ಕಾಲು ಕಲ್ಲಿನಿಂದ, ನಮ್ಮ ಲೆಕ್ಕದಲ್ಲಿ ಒಂದೂವರೆ ಅಂಕದಿಂದ, ಗೆಲುವು ಅವನದು.

ಬಿಳಿಕಲ್ಲು

ಅರ್ಥವಾಯಿತು, ಆದರೂ ಒಂದು ವಿಷಯ ಕಾಡುತ್ತಿದೆ. ನನ್ನ ಎಣಿಕೆಯಲ್ಲಿ ಹಲಗೆಯ ಮೇಲಿನ ವ್ಯತ್ಯಾಸ 6, ನಿಮ್ಮ ಎಣಿಕೆಯಲ್ಲಿ 9. ಕಣ್ಣುಗಳು ಎರಡೇ ಇರುವಾಗ ಮೂರನೆಯ ಅಂಕ ಎಲ್ಲಿಂದ ಬಂತು?

ಮೂವತ್ತು ವರ್ಷದ ಹಲಗೆ

ಕೊನೆಯ ದಾಮೆಯಿಂದ. ಕಪ್ಪು ಒಂದು ಕಲ್ಲು ಹೆಚ್ಚು ಇಟ್ಟಿದೆ, ಚೀನಾದ ಎಣಿಕೆಯಲ್ಲಿ ಆ ಕಲ್ಲೇ ಒಂದು ಅಂಕ. ಇಬ್ಬರೂ ಸಮ ಸಂಖ್ಯೆಯ ಕಲ್ಲು ಇಟ್ಟಿದ್ದರೆ ಆ ಒಂದು ಇರುತ್ತಿರಲಿಲ್ಲ. ಸೆಕಿ ಇಲ್ಲದ ಆಟಗಳಲ್ಲಿ ಎರಡು ಎಣಿಕೆಗಳ ನಡುವೆ ಹೆಚ್ಚೆಂದರೆ ಈ ಒಂದು ಅಂಕದ ಅಂತರ ಬರುತ್ತದೆ, ಅದಕ್ಕಾಗಿಯೇ ಎರಡೂ ಒಂದೇ ಎಂದು ಬಹಳ ಜನ ನಂಬಿರುವುದು.

ಆದರೆ ಇಲ್ಲಿ ಆಟ ತಿರುಗಿಸಿದ್ದು ದಾಮೆ ಅಲ್ಲ. ಕಣ್ಣುಗಳನ್ನು ಬಿಟ್ಟು ದಾಮೆಯನ್ನು ಮಾತ್ರ ಸೇರಿಸಿದ್ದರೆ ವ್ಯತ್ಯಾಸ 7 ಆಗುತ್ತಿತ್ತು, ಕೋಮಿ 7.5 ಕಳೆದರೆ ಆಗಲೂ ನೀವೇ ಅರ್ಧ ಅಂಕದಿಂದ ಗೆಲ್ಲುತ್ತಿದ್ದಿರಿ. ನಿಮ್ಮ ಹೊಟ್ಟೆಯೊಳಗಿನ ಆ ಎರಡು ಖಾಲಿ ಬಿಂದುಗಳೇ ಫಲಿತಾಂಶವನ್ನು ಬದಲಿಸಿದವು.

ಸಾಗರದಾಚೆ

ನಾನು ಅಮೆರಿಕದಲ್ಲಿ ಆಡುವವನು. ಇಲ್ಲಿಯ ಗೋ ಸಂಘದ ನಿಯಮದಲ್ಲಿ ಪಾಸ್ ಹೇಳುವಾಗ ಎದುರಾಳಿಗೆ ಒಂದು ಕಲ್ಲನ್ನು ಸೆರೆಯಾಗಿ ಕೊಡಬೇಕು ಮತ್ತು ಕೊನೆಯ ಪಾಸ್ ಬಿಳಿಯದೇ ಆಗಿರಬೇಕು. ನಿಮ್ಮ ಆಟಕ್ಕೆ ಹಾಕಿ ನೋಡಿದೆ. ಕಪ್ಪಿನ 249ನೆಯ ನಡೆಯ ಬಳಿಕ ಬಿಳಿ ಪಾಸ್, ಕಪ್ಪು ಪಾಸ್, ಮತ್ತೆ ಬಿಳಿ ಪಾಸ್. ಬಿಳಿ ಎರಡು ಕಲ್ಲು ಕೊಟ್ಟಿತು, ಕಪ್ಪು ಒಂದು. ಸೆಕಿಯೊಳಗಿನ ಕಣ್ಣುಗಳಿಗೂ ಇಲ್ಲಿ ಅಂಕವಿದೆ. ಕಪ್ಪಿಗೆ 67ರ ಮೇಲೆ 2 ಕಣ್ಣು, 2 ಕಲ್ಲು, ಒಟ್ಟು 71. ಬಿಳಿಗೆ 61ರ ಮೇಲೆ 1, ಒಟ್ಟು 62. ವ್ಯತ್ಯಾಸ ಮತ್ತೆ 9! ಜಾಗ ಎಣಿಸಿದರೂ ಕಲ್ಲು ಸೇರಿಸಿ ಎಣಿಸಿದರೂ ಒಂದೇ ಉತ್ತರ ಬರಲಿ ಎಂದೇ ಈ ಪಾಸ್ ಕಲ್ಲಿನ ಏರ್ಪಾಡು ಇರುವುದು.

ನನಗಂತೂ ಜಪಾನಿನ ಕ್ರಮ ಅನ್ಯಾಯ ಎನಿಸುತ್ತದೆ. ಕಣ್ಣು ಕಣ್ಣೇ, ಅದು ಎಲ್ಲಿದ್ದರೇನು?

ಗಡಿರೇಖೆ

ಅನ್ಯಾಯ ಎಂದು ನನಗೆ ಅನಿಸುವುದಿಲ್ಲ. ಎರಡು ಕಣ್ಣುಗಳಿಂದ ಸ್ವಂತ ಬಲದ ಮೇಲೆ ಬದುಕಿದ ಗುಂಪು ಬೇರೆ, ಎದುರಾಳಿ ಕೈ ಹಾಕಲಾರ ಎಂಬ ಒಂದೇ ಕಾರಣಕ್ಕೆ ಬದುಕಿದ ಗುಂಪು ಬೇರೆ. ಎರಡಕ್ಕೂ ಒಂದೇ ಬಹುಮಾನ ಏಕೆ? ಕಲ್ಲುಗಳನ್ನು ತೆಗೆಯಬೇಕು ಎಂದು ನಾನು ಹೇಳಿದ್ದು ತಪ್ಪು, ಒಪ್ಪಿಕೊಂಡೆ. ಆದರೆ ಕಣ್ಣಿನ ವಿಷಯದಲ್ಲಿ ನನ್ನ ನಿಲುವು ಬದಲಾಗದು.

ಒಂಬತ್ತುಗೆರೆ

ನನ್ನ ಅನುಭವವನ್ನು ಇಲ್ಲಿ ಹೇಳಿಕೊಳ್ಳುತ್ತೇನೆ, ವಿಷಯಾಂತರವಾದರೆ ಕ್ಷಮಿಸಿ. ಮಗಳಿಗೆ 9 ಗೆರೆಯ ಹಲಗೆಯಲ್ಲಿ ಆಟ ಕಲಿಸುತ್ತಿದ್ದೇನೆ, ಎಣಿಸುವುದು ಚೀನಾದ ಕ್ರಮದಲ್ಲಿ, ಏಕೆಂದರೆ ಮಕ್ಕಳಿಗೆ ಅದು ಸುಲಭ. ಮೊನ್ನೆ ಮೂಲೆಯಲ್ಲಿ ಒಂದು ಸೆಕಿ ಆಯಿತು: ಇಬ್ಬರಿಗೂ ಒಂದೊಂದು ಕಣ್ಣು, ನಡುವೆ ಇಬ್ಬರಿಗೂ ಸೇರಿದ ಒಂದೇ ಒಂದು ಖಾಲಿ ಬಿಂದು. ಎಣಿಸಿದಾಗ ಕಪ್ಪು 44, ಬಿಳಿ 36. ಒಟ್ಟು 81 ಬರಬೇಕಾದ ಕಡೆ 80 ಬಂತು. ಮೂರು ಸಲ ಎಣಿಸಿದೆವು, ಮಗಳು ಮೇಜಿನ ಕೆಳಗೆ ಬಗ್ಗಿ ಬಿದ್ದ ಕಲ್ಲು ಹುಡುಕಿದಳು. ಕೊನೆಗೆ ಹೊಳೆದದ್ದು, ಕಳೆದುಹೋದದ್ದು ಕಲ್ಲಲ್ಲ, ಆ ನಡುವಿನ ಬಿಂದು ಎಂದು.

ಇನ್ನೊಂದು ಸಲ ಅಂತರಜಾಲದಲ್ಲಿ ಆಡಿದಾಗ ಇಂಥದ್ದೇ ಸ್ಥಿತಿಯಲ್ಲಿ ಅಲ್ಲಿಯ ಸ್ವಯಂಚಾಲಿತ ಎಣಿಕೆ ನನ್ನ ಗುಂಪನ್ನು ಸತ್ತದ್ದೆಂದು ಮಂಕಾಗಿಸಿ ತೋರಿಸಿತು. ನಾನು ಗಮನಿಸದೆ ಒಪ್ಪಿಗೆಯ ಗುಂಡಿ ಒತ್ತಿದೆ, ಗೆಲ್ಲುವ ಆಟ ಹೋಯಿತು.

ಮೂವತ್ತು ವರ್ಷದ ಹಲಗೆ

ವಿಷಯಾಂತರವೇನೂ ಅಲ್ಲ, ನೀವು ಬಹಳ ಸೂಕ್ಷ್ಮವಾದ ಜಾಗಕ್ಕೆ ಕೈ ಇಟ್ಟಿದ್ದೀರಿ. ಆ ಒಂದು ಬಿಂದುವನ್ನು ಅರ್ಧರ್ಧ ಹಂಚಬೇಕು: ಕಪ್ಪು 44.5, ಬಿಳಿ 36.5, ವ್ಯತ್ಯಾಸ 8.

ಈ 8 ಎಂಬ ಸಮ ಸಂಖ್ಯೆಯನ್ನು ಗಮನಿಸಿ. 81 ಆಗಲಿ 361 ಆಗಲಿ ಬೆಸ ಸಂಖ್ಯೆ. ಬೆಸ ಸಂಖ್ಯೆಯನ್ನು ಇಬ್ಬರಿಗೆ ಪೂರ್ತಿಯಾಗಿ ಹಂಚಿದರೆ ವ್ಯತ್ಯಾಸ ಯಾವಾಗಲೂ ಬೆಸವೇ ಬರುತ್ತದೆ: 5, 7, 9. ಆದ್ದರಿಂದ ಚೀನಾದ ಎಣಿಕೆಯಲ್ಲಿ ಕೋಮಿಯನ್ನು 5.5ರಿಂದ 6.5ಕ್ಕೆ ಏರಿಸಿದರೆ ಬಹುತೇಕ ಆಟಗಳಲ್ಲಿ ಏನೂ ಬದಲಾಗುವುದಿಲ್ಲ, ಏಕೆಂದರೆ 6 ಎಂಬ ವ್ಯತ್ಯಾಸವೇ ಹುಟ್ಟುವುದಿಲ್ಲ. ಹುಟ್ಟುವುದು ಸೆಕಿಯೊಳಗೆ ಬೆಸ ಸಂಖ್ಯೆಯ ಹಂಚಿಕೆಯ ಬಿಂದುಗಳು ಉಳಿದಾಗ ಮಾತ್ರ. ನಿಮ್ಮ ಮಗಳ ಮೂಲೆಯಲ್ಲಿ ಒಂದು ಉಳಿದಿತ್ತು, ವ್ಯತ್ಯಾಸ ಸಮವಾಯಿತು. ಬಿಳಿಕಲ್ಲು ಅವರ ಹಲಗೆಯಲ್ಲಿ ಎರಡು ಉಳಿದಿದ್ದವು, ಹಾಗಾಗಿ 9 ಬೆಸವಾಗಿಯೇ ಉಳಿಯಿತು. 19 ಗೆರೆಯ ಹಲಗೆಯಲ್ಲಿ ಒಂದೇ ಬಿಂದು ಉಳಿದರೆ ಕಪ್ಪು 184.5 ಕಲ್ಲಿನಿಂದ, ಅಂದರೆ ಕೇವಲ ಕಾಲು ಕಲ್ಲಿನ ಅಂತರದಿಂದ ಗೆಲ್ಲುವುದು ಸಾಧ್ಯ. ಚೀನಾದ ಫಲಿತಾಂಶಪಟ್ಟಿಯಲ್ಲಿ ಕಪ್ಪು ಕಾಲು ಕಲ್ಲಿನಿಂದ ಗೆದ್ದದ್ದು ಕಂಡರೆ ಆಟದಲ್ಲಿ ಎಲ್ಲೋ ಒಂದು ಸೆಕಿ ಇತ್ತು ಎಂದು ಊಹಿಸಬಹುದು.

ಸ್ವಯಂಚಾಲಿತ ಎಣಿಕೆಯ ವಿಷಯದಲ್ಲಿ ನನ್ನ ಅಭ್ಯಾಸ ಇಷ್ಟೇ: ಸೆಕಿ ಇದ್ದ ಆಟದಲ್ಲಿ ಒಪ್ಪಿಗೆ ಒತ್ತುವ ಮೊದಲು ಎರಡೂ ಬಣ್ಣದ ಗುಂಪುಗಳು ಮಂಕಾಗದೆ ನಿಂತಿವೆಯೇ ಎಂದು ನೋಡುವುದು, ಜಪಾನಿನ ನಿಯಮದ ಆಟವಾದರೆ ಆ ಕಣ್ಣುಗಳ ಮೇಲೆ ಜಾಗದ ಗುರುತು ಬಿದ್ದಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳುವುದು.

ಸಾಗರದಾಚೆ

ದಾಮೆಗಳನ್ನೆಲ್ಲ ತುಂಬಿದ್ದೀರಾ ಎಂದು ನೀವು ಕೇಳಿದ್ದು ಬರೀ ಚೀನಾದ ಎಣಿಕೆಗಾಗಿಯೇ?

ಮೂವತ್ತು ವರ್ಷದ ಹಲಗೆ

ಅಲ್ಲ. 1989ರ ಜಪಾನಿನ ನಿಯಮದಲ್ಲಿ ಸೆಕಿಯನ್ನು ಹೇಳಿರುವ ರೀತಿ ವಿಚಿತ್ರವಾಗಿದೆ. ಜೀವಂತವಾಗಿದ್ದೂ ದಾಮೆ ತಾಗಿಕೊಂಡಿರುವ ಕಲ್ಲುಗಳೆಲ್ಲ ಸೆಕಿಯ ಕಲ್ಲುಗಳು, ಸೆಕಿಯಲ್ಲದ ಜೀವಂತ ಕಲ್ಲುಗಳು ಸುತ್ತುವರಿದ ಬಿಂದುಗಳಿಗೆ ಮಾತ್ರ ಅಂಕ ಎಂಬುದು ಅದರ ತಾತ್ಪರ್ಯ. ಅಕ್ಷರಶಃ ಓದಿದರೆ, ಗಡಿಯಲ್ಲಿ ಒಂದು ದಾಮೆಯನ್ನು ತುಂಬದೆ ಬಿಟ್ಟ ದೊಡ್ಡ ಗುಂಪು ಕೂಡ ಸೆಕಿಯಾಗಿ, ಅದರ ಮೂವತ್ತು ಬಿಂದುಗಳ ಜಾಗ ಸೊನ್ನೆಯಾಗಬೇಕು! ಪಾಸ್ ಹೇಳಿದ ಮೇಲೆ ಇಬ್ಬರೂ ಸರದಿಯಿಲ್ಲದೆ ದಾಮೆ ತುಂಬಿಬಿಡುವುದರಿಂದ ಗೆಳೆಯರ ಆಟದಲ್ಲಿ ಯಾರೂ ಹಾಗೆ ವಾದಿಸುವುದಿಲ್ಲ. ಆದರೂ ಜಪಾನಿನ ನಿಯಮದಲ್ಲಿ ಗೆದ್ದೆ ಎಂದು ಹೇಳುವವರು ದಾಮೆ ತುಂಬಿರುವುದು ಒಳ್ಳೆಯದು.

ಗಡಿರೇಖೆ

ಕೋ ಆಡಿಯೇ ಹಿಡಿಯಬೇಕಾದ, ಮೂಲೆಯ ಬಾಗಿದ ನಾಲ್ಕು ಎಂಬ ಆಕಾರದ ವಿಷಯವನ್ನು ಯಾರೂ ಎತ್ತಲಿಲ್ಲ. ಕೋ ಎಂದರೆ ಇಬ್ಬರೂ ಒಂದೊಂದು ಕಲ್ಲನ್ನು ಸರದಿಯಲ್ಲಿ ಮರಳಿ ಮರಳಿ ಹಿಡಿಯಬಹುದಾದ ಜಾಗ; ಮರಳಿ ಹಿಡಿಯುವ ಮೊದಲು ಬೇರೆಡೆ ಎದುರಾಳಿ ಉತ್ತರಿಸಲೇಬೇಕಾದ ಬೆದರಿಕೆ ಆಡಬೇಕು. ಸೆಕಿಯಿಂದ ಕೋ ಬೆದರಿಕೆ ಸಿಗುತ್ತದೆ, ಹಾಗಾಗಿ ಹಲಗೆಯಲ್ಲಿ ಸೆಕಿ ಇದ್ದರೆ ಬಾಗಿದ ನಾಲ್ಕು ಸಾಯುವುದಿಲ್ಲ ಎಂದು ಕೇಳಿದ್ದೇನೆ. ಆದರೆ ಜಪಾನಿನವರು ಅದು ಸತ್ತಿದೆ ಎನ್ನುತ್ತಾರೆ. ಇದು ಹೇಗೆ?

ಮೂವತ್ತು ವರ್ಷದ ಹಲಗೆ

ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಸರಿ. ಬಿಳಿಕಲ್ಲು ಅವರ ಚಿತ್ರದಲ್ಲಿಯೇ ನೋಡಿ. ಕಪ್ಪು a ಮೇಲೆ ಇಟ್ಟರೆ ಅದು 17 ಕಲ್ಲು ಹಿಡಿಯುವ ಬೆದರಿಕೆ. ಬಿಳಿ ಉತ್ತರ ಕೊಡಲೇಬೇಕು, ಕೊಟ್ಟರೆ ಕಪ್ಪು ಆರು ಕಲ್ಲು ಕಳೆದುಕೊಳ್ಳುತ್ತದೆ. ದುಬಾರಿ ಬೆದರಿಕೆ, ಆದರೆ ಬಿಳಿ ಅದನ್ನು ಮುಂಚಿತವಾಗಿ ಅಳಿಸಲಾರದು, ಏಕೆಂದರೆ ಅಳಿಸಲು ತಾನೇ a ಅಥವಾ b ಮೇಲೆ ಇಟ್ಟು ಸಾಯಬೇಕು. ಬೇರೊಂದು ಮೂಲೆಯಲ್ಲಿ ಕಪ್ಪಿನ ದೊಡ್ಡ ಗುಂಪು ಬಾಗಿದ ನಾಲ್ಕಿನ ಸ್ಥಿತಿಯಲ್ಲಿದ್ದರೆ, ಚೀನಾದ ನಿಯಮದಲ್ಲಿ ಬಿಳಿ ಆ ಕೋವನ್ನು ನಿಜವಾಗಿ ಆಡಿ ತೋರಿಸಬೇಕು, ಆಗ ಈ ಬೆದರಿಕೆ ಕಪ್ಪನ್ನು ಉಳಿಸಬಹುದು. ಜಪಾನಿನ ನಿಯಮದಲ್ಲಿ ಆಟ ನಿಂತ ಬಳಿಕ ಬದುಕು ಸಾವಿನ ಪರೀಕ್ಷೆಯಲ್ಲಿ ಬೇರೆ ಕಡೆಯ ಬೆದರಿಕೆಗೆ ಬೆಲೆಯಿಲ್ಲ. ಕೋವನ್ನು ಮರಳಿ ಹಿಡಿಯಲು ಆ ಕೋವಿಗಾಗಿಯೇ ಒಮ್ಮೆ ಪಾಸ್ ಹೇಳಬೇಕು. ಅದಕ್ಕೇ ಅಲ್ಲಿ ಬಾಗಿದ ನಾಲ್ಕು ಸತ್ತದ್ದೇ.

ಚದುರಂಗಪ್ರಿಯ

ಸ್ಟೇಲ್‌ಮೇಟ್ ಎಂದು ಕೇಳಿ ತಪ್ಪು ಮಾಡಿದೆನೇನೋ! ಇರಲಿ, ಒಂದು ಪ್ರಶ್ನೆ. ಇಬ್ಬರೂ ಕೋಮಿ 6.5 ಎಂದು ಒಪ್ಪಿದ್ದರು ಅಲ್ಲವೇ? ಹಾಗಿದ್ದರೆ 7.5 ಎಂದು ಲೆಕ್ಕ ಹಾಕುವುದು ಎಷ್ಟು ಸರಿ?

ಬಿಳಿಕಲ್ಲು

ಇದನ್ನೇ ನಾನೂ ಅವನಿಗೆ ಹೇಳಿದೆ. 6.5 ಎಂದು ಒಪ್ಪಿದ ಮೇಲೆ ಅದು ಜಪಾನ್, ಕೊರಿಯಾಗಳ ಕೋಮಿ, ಆದ್ದರಿಂದ ಎಣಿಕೆಯೂ ಅದೇ ಆಗಬೇಕು ಎಂದೆ. ಅವನ ಉತ್ತರ ಬೇರೆ: ಕೋಮಿ ಒಂದು ಸಂಖ್ಯೆ ಮಾತ್ರ, ಎಣಿಕೆಯ ಬಗ್ಗೆ ನಾವು ಮಾತಾಡಿಯೇ ಇಲ್ಲ, ನೀನು ಹೇಳಿದ 6.5ನ್ನೇ ಇಟ್ಟುಕೊಂಡು 9ರಿಂದ ಕಳೆದರೆ ನಾನು ಎರಡೂವರೆ ಅಂಕದಿಂದ ಗೆದ್ದೆ ಎನ್ನುತ್ತಾನೆ.

ಮೂವತ್ತು ವರ್ಷದ ಹಲಗೆ

ನನ್ನ ಒಲವು ಬಿಳಿಕಲ್ಲು ಅವರ ಕಡೆಗೆ, ಆದರೆ ಅದನ್ನು ತೀರ್ಪು ಎನ್ನಲಾರೆ. ಚೀನಾದ ಎಣಿಕೆ ಎಂದು ಗೊತ್ತಿದ್ದರೆ ಬಿಳಿ ಆ ಸೆಕಿಯನ್ನು ಒಪ್ಪಿಕೊಳ್ಳುವ ಮೊದಲು ಎರಡು ಅಂಕದ ನಷ್ಟವನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು; ಜಪಾನಿನದೆಂದು ಗೊತ್ತಿದ್ದರೆ ಕಪ್ಪು ಬೇರೆ ಕಡೆ ಒಂದು ಅಂಕಕ್ಕಾಗಿ ಹೆಚ್ಚು ಹೋರಾಡುತ್ತಿತ್ತು.

ಸಾಗರದಾಚೆ

ನಾನು ಗೆಳೆಯನ ಕಡೆ. ಅವನ ಕಣ್ಣುಗಳು ಹಲಗೆಯ ಮೇಲೆ ಕಾಣುತ್ತಿವೆ.

ಬಿಳಿಕಲ್ಲು

ಈ ಚರ್ಚೆಯನ್ನು ಅವನಿಗೆ ಓದಿಸಿದೆ. ಎಡಗಡೆಯ ಗುಂಪಿನ ವಿಶ್ಲೇಷಣೆ ಓದಿ, ತಾನು a ಮೇಲೆ ಇಡದೆ ಉಳಿದದ್ದು ಅದೃಷ್ಟ, ಕೊನೆಯ ಹೊತ್ತಿನಲ್ಲಿ ಅದನ್ನೂ ದಾಮೆ ಎಂದು ತುಂಬಲು ಕೈಯಲ್ಲಿ ಕಲ್ಲು ಹಿಡಿದಿದ್ದೆ ಎಂದ. ಫಲಿತಾಂಶದ ಅಂಕಣವನ್ನು ನಮ್ಮ ಕಾಗದದಲ್ಲಿ ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ. ಮುಂದಿನ ಭಾನುವಾರದ ಆಟಕ್ಕೆ ಚೀನಾದ ಎಣಿಕೆ, ಕೋಮಿ 7.5 ಎಂದು ಮೇಲ್ಗಡೆಯೇ ಬರೆದಿಟ್ಟಿದ್ದೇವೆ. ಈ ಸಲ ಕಪ್ಪು ನನ್ನದು.